ಎರಡೇ ಪಿನ್ನಿನ ಚಾರ್ಜರ್ ಶಾಕ್ ಹೊಡೆಯದಿರುವುದು ಹೇಗೆ?

ಪ್ರಶ್ನೆ: ಇಸ್ತ್ರಿಪೆಟ್ಟಿಗೆಗೆ ಮೂರು ಪಿನ್ ಇದೆ, ಮೊಬೈಲ್ ಚಾರ್ಜರ್‌ಗೆ ಎರಡೇ. ಅರ್ಥಿಂಗ್ ಇಲ್ಲದೆ ಅಪಾಯ ಅಲ್ವಾ?

ಉತ್ತರ: ಇಸ್ತ್ರಿಪೆಟ್ಟಿಗೆಯ ಲೋಹದ ಮೈಗೆ ಕರೆಂಟ್ ತಗುಲಿದರೆ ಅದನ್ನು ನೆಲಕ್ಕೆ ಹರಿಸಿ ಫ್ಯೂಸ್ ಹಾರಿಸಲು ಅರ್ಥ್ ಬೇಕು. ಚಾರ್ಜರಿನ ಮೈ ಪ್ಲಾಸ್ಟಿಕ್. ಕೈಗೆ ಸಿಗುವ ಲೋಹ ಯುಎಸ್‌ಬಿ ತುದಿ ಮಾತ್ರ. ಅದಕ್ಕೂ 230 ವೋಲ್ಟಿಗೂ ನಡುವೆ, ಪುಟ್ಟ ಟ್ರಾನ್ಸ್‌ಫಾರ್ಮರಿನೊಳಗೆ, ಎರಡು ತಡೆಗಳಷ್ಟು ಗಟ್ಟಿಯಾದ ಇನ್ಸುಲೇಶನ್ ಇರುತ್ತದೆ. ಒಂದು ಪದರ ಕೆಟ್ಟರೂ ಇನ್ನೊಂದು ಕಾಯುತ್ತದೆ. ಸರ್ಕ್ಯೂಟ್ ಬೋರ್ಡಿನಲ್ಲೂ 230 ವೋಲ್ಟಿನ ಬದಿಗೂ ಯುಎಸ್‌ಬಿ ಬದಿಗೂ ನಡುವೆ ಸುಮಾರು 6 ಮಿ.ಮೀ. ಜಾಗ ಬಿಟ್ಟಿರುತ್ತಾರೆ. ಚಾರ್ಜರಿನ ಮೇಲಿನ ‘ಚೌಕದೊಳಗೊಂದು ಚೌಕ’ ಗುರುತಿನ ಅರ್ಥ ಇದೇ.

ಲೋಹದ ಫೋನ್ ಚಾರ್ಜಿಗಿಟ್ಟಾಗ ಬೆರಳು ಸ್ವಲ್ಪ ಝುಮ್ಮೆನ್ನುವುದು ಫಿಲ್ಟರ್ ಕೆಪಾಸಿಟರ್ ಮೂಲಕ ಸೋರುವ ಅತ್ಯಲ್ಪ ಕರೆಂಟಿನಿಂದ. ಒಳ್ಳೆಯ ಚಾರ್ಜರಿನಲ್ಲಿ ಅದು ಅಪಾಯವಲ್ಲ. ನಕಲಿ ಚಾರ್ಜರಿನಲ್ಲಿ ಆ 6 ಮಿ.ಮೀ. ಜಾಗ ಒಂದೆರಡಕ್ಕೆ ಇಳಿದಿರಬಹುದು, ಗುರುತು ಮಾತ್ರ ಹಾಗೆಯೇ ಅಚ್ಚಾಗಿರುತ್ತದೆ. ಮೈ ಬಿರುಕು ಬಿಟ್ಟಿದ್ದರೆ, ಒಳಗೆ ನೀರು ಹೋಗಿದ್ದರೆ ಆ ಚಾರ್ಜರನ್ನು ಮತ್ತೆ ಪ್ಲಗ್‌ಗೆ ಹಾಕಬೇಡಿ.