ಒಂಬತ್ತು ನಿಮಿಷದ ಧ್ವನಿ ಸಂದೇಶ

ಒಡಹುಟ್ಟಿದವರ ಮನಸ್ತಾಪ ಹೊತ್ತು ಆಪ್ತಸಲಹೆಗೆಂದು ನನ್ನ ಬಳಿ ಬರುವವರು ಈಚೆಗೆ ಮಾತಿಗಿಂತ ಮೊದಲು ಮೊಬೈಲನ್ನು ಮುಂದೆ ಚಾಚುತ್ತಾರೆ. ‘ನಾನು ಕಳುಹಿಸಿದ್ದನ್ನು ನೀವೇ ಕೇಳಿ, ಇದರಲ್ಲಿ ತಪ್ಪೇನಿದೆ ಹೇಳಿ’ ಎನ್ನುತ್ತಾರೆ. ಈ ಮಹಿಳೆಯೂ ಹಾಗೆಯೇ ಬಂದವರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹಾಸಿಗೆ ಹಿಡಿದ ತಂದೆಯನ್ನು ಆಕೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅಣ್ಣ ಬೇರೆ ಊರಿನಲ್ಲಿದ್ದಾನೆ, ಹಣ ಕಳುಹಿಸುತ್ತಾನೆ. ಒಂದು ರಾತ್ರಿ ಆಕೆ ಅವನಿಗೆ ಒಂಬತ್ತು ನಿಮಿಷದ ಧ್ವನಿ ಸಂದೇಶ ಕಳುಹಿಸಿದರು. ಮರುದಿನ ಬಂದ ಉತ್ತರ ಎರಡೇ ಪದ: ‘ಆಯಿತು, ನೋಡೋಣ.’ ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಸಂದೇಶವನ್ನು ಇಲ್ಲಿಯೇ ಹಾಕಲು ಹೇಳಿ, ಅವರ ಕೈಗೆ ಕಾಗದ ಕೊಟ್ಟೆ. ಅಣ್ಣ ಏನು ಮಾಡಬೇಕೆಂದು ಎಲ್ಲಿ ಕೇಳಿದ್ದೀರೋ ಆ ನಿಮಿಷವನ್ನು ಗುರುತು ಹಾಕಿಕೊಳ್ಳಿ ಎಂದೆ. ಮೊದಲ ಐದು ನಿಮಿಷ ಹಳೆಯ ಲೆಕ್ಕಗಳು: ಮದುವೆಯಲ್ಲಿ ನಡೆದದ್ದು, ತಾಯಿಯ ಕೊನೆಯ ದಿನಗಳು. ಆಮೇಲೆ ಅಳು. ಏಳನೆಯ ನಿಮಿಷದಲ್ಲಿ ‘ಇನ್ನು ನನ್ನಿಂದ ಆಗುವುದಿಲ್ಲ.’ ಕೊನೆಗೆ ‘ನೀನೂ ಸ್ವಲ್ಪ ಯೋಚಿಸು.’ ಸಂದೇಶ ಮುಗಿದಾಗ ಕಾಗದ ಖಾಲಿಯಾಗಿತ್ತು. ‘ಯೋಚಿಸು ಎಂದಿರಿ, ನೋಡೋಣ ಎಂದ. ಕೇಳಿದ್ದಕ್ಕೆ ಸರಿಯಾದ ಉತ್ತರವೇ ಅಲ್ಲವೇ?’ ಎಂದೆ. ಆಕೆಗೆ ಸಿಟ್ಟು ಬಂತು. ಕರೆಯನ್ನೇ ಏಕೆ ಮಾಡಲಿಲ್ಲ ಎಂದು ಕೇಳಿದಾಗ ತುಸು ಹೊತ್ತು ಸುಮ್ಮನಿದ್ದು ಹೇಳಿದರು: ‘ಕರೆ ಮಾಡಿದರೆ ಅವನು ನಡುವೆ ಮಾತನಾಡುತ್ತಾನೆ ಮೇಡಂ. ಅವನು ಮಾತನಾಡಬಾರದು ಎಂದೇ ಇದನ್ನು ಆರಿಸಿಕೊಂಡೆ.’

ಈ ಒಂದು ಮಾತಿನ ಮೇಲೆಯೇ ನನ್ನ ಸಲಹೆ ನಿಂತಿತು. ಧ್ವನಿ ಸಂದೇಶದಲ್ಲಿ ದನಿ ಇರುತ್ತದೆ, ಆದ್ದರಿಂದ ಅದು ಕರೆಗೆ ಹತ್ತಿರ ಎಂದು ಜನ ನಂಬುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಕರೆಯಲ್ಲಿ ಎರಡನೆಯ ನಿಮಿಷಕ್ಕೆ ಅವನು ತಪ್ಪು ತಿಳಿದುಕೊಂಡರೆ ‘ಅಲ್ಲ, ನಾನು ಹೇಳಿದ್ದು ಅದಲ್ಲ’ ಎಂದು ಅಲ್ಲಿಯೇ ತಿದ್ದಬಹುದು. ಧ್ವನಿ ಸಂದೇಶದಲ್ಲಿ ಆ ತಪ್ಪು ತಿಳಿವಳಿಕೆಯೇ ಉಳಿದ ಏಳು ನಿಮಿಷಕ್ಕೂ ಬಣ್ಣ ಬಳಿಯುತ್ತದೆ. ಮೇಲಾಗಿ ವಾಟ್ಸ್‌ಆ್ಯಪ್‌ನಲ್ಲಿ 2021ರಿಂದ ಧ್ವನಿ ಸಂದೇಶವನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ನಿಮ್ಮ ಅಳುವೂ ಆ ವೇಗದಲ್ಲಿಯೇ ಓಡುತ್ತದೆ.

ಬರಹಕ್ಕೆ ಬೇರೆಯದೇ ತೊಂದರೆ. ಬರೆದವರ ಮನಸ್ಸಿನಲ್ಲಿದ್ದ ದನಿ ಓದುವವರಿಗೆ ಕೇಳಿಸುವುದಿಲ್ಲ. ಇ-ಮೇಲ್‌ನಲ್ಲಿ ತಮ್ಮ ವ್ಯಂಗ್ಯವೋ ಗಾಂಭೀರ್ಯವೋ ಓದುಗರಿಗೆ ತಿಳಿಯುತ್ತದೆಂದು ಬರೆದವರು ಅತಿಯಾಗಿ ನಂಬುತ್ತಾರೆಂದು ಮನೋವಿಜ್ಞಾನಿಗಳಾದ ಕ್ರೂಗರ್, ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದ್ದಾರೆ. ಹಾಗೆಂದು ಬರಹವನ್ನು ನಾನು ತಳ್ಳಿಹಾಕುವವಳಲ್ಲ. ದಿನ, ಸಮಯ, ಒಪ್ಪಿದ ಮಾತು ಇವುಗಳನ್ನು ಅದಕ್ಕಿಂತ ಚೆನ್ನಾಗಿ ಹಿಡಿದಿಡುವುದು ಇನ್ನೊಂದಿಲ್ಲ.

ಆದ್ದರಿಂದ ಹೇಳಿದ್ದು ಇಷ್ಟು. ಮೊದಲು ಒಂದು ಚಿಕ್ಕ ಸಂದೇಶ ಬರೆಯಿರಿ. ‘ನಾವು ಮಾತನಾಡಬೇಕು’ ಎಂದಷ್ಟೇ ಬರೆದರೆ ಓದಿದವನು ಸಾವೋ ಆಸ್ಪತ್ರೆಯೋ ಎಂದು ಹೆದರುತ್ತಾನೆ. ಆಕೆ ಬರೆದದ್ದು ಹೀಗೆ: ‘ಅಣ್ಣ, ಅಪ್ಪ ಚೆನ್ನಾಗಿದ್ದಾರೆ. ಅವರನ್ನು ಮುಂದೆ ಯಾರು, ಹೇಗೆ ನೋಡಿಕೊಳ್ಳುವುದು ಎಂದು ಮಾತನಾಡಬೇಕು. ಶನಿವಾರ ಸಂಜೆಯೋ ಭಾನುವಾರ ಬೆಳಿಗ್ಗೆಯೋ, ನಿನಗೆ ಯಾವುದು ಅನುಕೂಲ?’ ಆಮೇಲೆ ಕರೆ. ಬೇಡಿಕೆಯನ್ನು ಮೊದಲ ಎರಡು ನಿಮಿಷದೊಳಗೆ ಹೇಳಿ, ಅಲ್ಲಿಗೆ ನಿಲ್ಲಿಸಬೇಕು. ಅಳು ಬಂದರೆ ‘ಒಂದು ನಿಮಿಷ ತಡಿ’ ಎಂದು ಹೇಳಿ ಅಳಬೇಕು, ಫೋನ್ ಇಡಬಾರದು. ಅಂದೇ ಉತ್ತರ ಬೇಡ ಎಂದು ಅವನಿಗೂ ಮೊದಲೇ ತಿಳಿಸಬೇಕು. ಕರೆಯ ದೊಡ್ಡ ದೋಷವೆಂದರೆ ಅದು ಜನರಿಂದ ಅವಸರದ ‘ಹೂಂ’ ಹೇಳಿಸುತ್ತದೆ.

ಆಪ್ತಸಲಹೆಗಾರರು ಇಷ್ಟು ನೇರವಾಗಿ ದಾರಿ ಹೇಳಬಾರದು, ಆಯ್ಕೆ ಬಂದವರದೇ ಆಗಿರಬೇಕು ಎನ್ನುವ ಸಹೋದ್ಯೋಗಿಗಳಿದ್ದಾರೆ. ಆಯ್ಕೆ ಆಕೆಯದೇ ಆಗಿತ್ತು. ಯಾವುದನ್ನು ತಪ್ಪಿಸಲು ಆ ಆಯ್ಕೆ ಎಂಬುದನ್ನಷ್ಟೇ ನಾನು ಮುಂದಿಟ್ಟೆ. ಇದೇ ಸಲಹೆ ಎಲ್ಲರಿಗೂ ಸಲ್ಲುವುದಿಲ್ಲ. ಬೆದರಿಸುವ, ಹೇಳಿದ ಮಾತನ್ನು ಮರುದಿನ ಅಲ್ಲಗಳೆಯುವ ವ್ಯಕ್ತಿಯೊಡನೆ ವ್ಯವಹರಿಸಬೇಕಾದವರಿಗೆ ಕರೆ ಬೇಡ, ಬರಹವೇ ಇರಲಿ ಎನ್ನುತ್ತೇನೆ. ಈ ಅಣ್ಣ ಅಂಥವನಲ್ಲ, ನಡುವೆ ಬಾಯಿ ಹಾಕುವವನು ಅಷ್ಟೇ.

ಭಾನುವಾರ ಕರೆಯಾಯಿತು. ಅವನು ನಡುವೆ ಬಾಯಿ ಹಾಕಿದ್ದೂ ನಿಜ. ಆದರೆ ಹಾಕಿದ್ದು ‘ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ?’ ಎಂದು ಕೇಳಲು. ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇರಲು, ರಾತ್ರಿ ಪಾಳಿಗೆ ಒಬ್ಬರನ್ನು ಗೊತ್ತುಮಾಡುವ ಖರ್ಚು ಕೊಡಲು ಒಪ್ಪಿದ. ಹಳೆಯ ಲೆಕ್ಕಗಳು ಹಾಗೆಯೇ ಉಳಿದಿವೆ. ಆ ಸಂಜೆ ಆಕೆ ಒಪ್ಪಂದವನ್ನು ಬರೆದು ಕಳುಹಿಸಿದಾಗ ಅವನು ತಿದ್ದುಪಡಿಯೊಂದನ್ನು ಕೇಳಿದ: ಮೊದಲ ತಿಂಗಳು ನಾಲ್ಕು ದಿನ ಆಗುವುದಿಲ್ಲ, ಎರಡೇ ದಿನ.