ಕಂತು ನಿಲ್ಲಿಸಿದರೆ 60ರ ಹೊತ್ತಿಗೆ ಎಷ್ಟು ಉಳಿಯುತ್ತದೆ?

ನನ್ನ ಹತ್ತಿರ ಸಲಹೆ ಕೇಳಲು ಬಂದವರು ಮಂಡ್ಯದ ಖಾಸಗಿ ಶಾಲೆಯೊಂದರ ಶಿಕ್ಷಕಿ. ವಯಸ್ಸು 40. ಇಲ್ಲಿ ಅವರನ್ನು ಸವಿತಾ ಅಂತ ಕರೆಯೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹತ್ತು ವರ್ಷದಿಂದ ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ 5,000 ರೂಪಾಯಿ ಎಸ್‌ಐಪಿ ಕಟ್ಟುತ್ತಿದ್ದರು. ಮಗಳನ್ನು ಪಿಯುಸಿಗೆ ಮೈಸೂರಿನಲ್ಲಿ ಹಾಸ್ಟೆಲ್‌ಗೆ ಸೇರಿಸಿದ ಮೇಲೆ ತಿಂಗಳ ಕೊನೆಗೆ ಕೈ ಖಾಲಿಯಾಗುತ್ತಿತ್ತು.

"ಸರ್, ಈಗ ನಿಲ್ಲಿಸಿದ್ರೆ ಇಷ್ಟು ದಿನ ಕಟ್ಟಿದ್ದೆಲ್ಲ ಹೋಗುತ್ತಾ?" ಅಂತ ಕೇಳಿದರು. ಅವರ ಯಜಮಾನರು ಬೇರೆ ಮಾತು ಹೇಳಿದ್ದರಂತೆ: "ಹೇಗೂ ನಿಲ್ಲಿಸ್ತೀಯಲ್ಲ, ಇರೋದನ್ನೂ ತೆಗೆದುಬಿಡು, ಸೈಟ್‌ಗೆ ಅಡ್ವಾನ್ಸ್ ಕೊಡೋಣ."

ಮೊದಲು ಭಯ ಬಿಡಿಸಬೇಕಿತ್ತು. ಅವರ ಮನಸ್ಸಿನಲ್ಲಿ ಇದ್ದದ್ದು ಅರ್ಧಕ್ಕೆ ಬಿಟ್ಟ ವಿಮೆ ಪಾಲಿಸಿಯ ಅನುಭವ. ಎಸ್‌ಐಪಿ ಹಾಗಲ್ಲ. ಪ್ರತಿ ಕಂತಿಗೂ ಒಂದಿಷ್ಟು ಯೂನಿಟ್, ಅಂದರೆ ಫಂಡ್‌ನಲ್ಲಿ ಪಾಲು, ಸಿಕ್ಕಿರುತ್ತದೆ. ಕಂತು ನಿಂತರೆ ಹೊಸ ಯೂನಿಟ್ ಬರುವುದಿಲ್ಲ, ಅಷ್ಟೇ. ಹಳೆಯವು ಅವರ ಹೆಸರಿನಲ್ಲೇ ಇರುತ್ತವೆ, ಮಾರುಕಟ್ಟೆಯ ಜೊತೆ ಏರಿಳಿಯುತ್ತಲೇ ಇರುತ್ತವೆ.

ಆಮೇಲೆ ಸ್ಟೇಟ್‌ಮೆಂಟ್ ತೆರೆದೆವು. ಕಟ್ಟಿದ್ದು 6 ಲಕ್ಷ, ಆಗಿದ್ದು ಸುಮಾರು 10.24 ಲಕ್ಷ. ವರ್ಷಕ್ಕೆ ಶೇ 10ರ ಆಸುಪಾಸು. ಮುಂದೆಯೂ ಅಷ್ಟೇ ಸಿಗುತ್ತದೆ ಅಂತ ಇಟ್ಟುಕೊಂಡು, ತಿಂಗಳಿಗೊಮ್ಮೆ ಗಳಿಕೆ ಸೇರುವ ಲೆಕ್ಕದಲ್ಲಿ ಹಾಳೆಯ ಮೇಲೆ ಬರೆದೆ.

ಇವತ್ತೇ ನಿಲ್ಲಿಸಿ, ಮುಟ್ಟದೆ ಬಿಟ್ಟರೆ 60ಕ್ಕೆ ಸುಮಾರು 75 ಲಕ್ಷ. ನಿಲ್ಲಿಸದೆ ಕಟ್ಟುತ್ತಾ ಹೋದರೆ ಸುಮಾರು 1 ಕೋಟಿ 13 ಲಕ್ಷ. ಅಂದರೆ ಮೊದಲ ಹತ್ತು ವರ್ಷದ 6 ಲಕ್ಷ 75 ಲಕ್ಷವಾಗುತ್ತದೆ. ಮುಂದಿನ ಇಪ್ಪತ್ತು ವರ್ಷ ಕಟ್ಟುವ 12 ಲಕ್ಷ ಬರೀ 38 ಲಕ್ಷವಾಗುತ್ತದೆ. ಹಳೆಯ ದುಡ್ಡಿಗೆ ಬೆಳೆಯಲು ಜಾಸ್ತಿ ವರ್ಷ ಸಿಗುತ್ತದೆ, ಅದಕ್ಕೇ. ಸವಿತಾ ಹಾಳೆಯನ್ನು ಎರಡು ಸಲ ನೋಡಿದರು. ಅವರಿಗೆ ಕಾಣಲಿ ಅಂತ ನಾನು ಬಯಸಿದ್ದೂ ಇದೇ: ಕಂತು ನಿಲ್ಲಿಸುವುದಕ್ಕಿಂತ ಇದ್ದದ್ದನ್ನು ತೆಗೆಯುವುದೇ ದೊಡ್ಡ ಪೆಟ್ಟು. ಸೈಟ್‌ಗೆ ಅಂತ 2 ಲಕ್ಷ ತೆಗೆದರೂ 60ರಲ್ಲಿ ಸುಮಾರು 14.7 ಲಕ್ಷ ಕಡಿಮೆ.

ಆದರೆ 75 ಲಕ್ಷ ಅಂದ ತಕ್ಷಣ ಹಿಗ್ಗುವುದು ಬೇಡ ಅಂದೆ. ಬೆಲೆ ವರ್ಷಕ್ಕೆ ಶೇ 6 ಏರಿದರೆ, ಆ 75 ಲಕ್ಷಕ್ಕೆ ಇವತ್ತಿನ 23 ಲಕ್ಷದಷ್ಟೇ ಬೆಲೆ. ಕಟ್ಟುತ್ತಾ ಹೋದರೆ ಇವತ್ತಿನ 35 ಲಕ್ಷ. ಅವರಿಗೆ ಪಿಂಚಣಿ ಇಲ್ಲ, ಈ ಎರಡರ ನಡುವಿನ 12 ಲಕ್ಷದ ವ್ಯತ್ಯಾಸ ಸಣ್ಣದಲ್ಲ. ಗಳಿಕೆ ಶೇ 8ಕ್ಕೆ ಇಳಿದರೆ 75 ಲಕ್ಷ 50 ಲಕ್ಷವಾಗುತ್ತದೆ, 1.13 ಕೋಟಿ 80 ಲಕ್ಷವಾಗುತ್ತದೆ. ಮಾರುಕಟ್ಟೆ ಒಂದೇ ಸಮನೆ ಏರುವುದೂ ಇಲ್ಲ.

ಹಾಗಾಗಿ ಪೂರ್ತಿ ನಿಲ್ಲಿಸಬೇಡಿ ಅಂತ ಸಲಹೆ ಕೊಟ್ಟೆ. ಕಷ್ಟ ಇರುವುದು ಪಿಯುಸಿಯ ಎರಡು ವರ್ಷ. ಆ ಎರಡು ವರ್ಷ ಏನೂ ಕಟ್ಟದಿದ್ದರೆ, ಬಿಟ್ಟ 1.2 ಲಕ್ಷಕ್ಕೆ 60ರಲ್ಲಿ ಸುಮಾರು 8 ಲಕ್ಷ ಹೋಗುತ್ತದೆ. ತಿಂಗಳಿಗೆ 2,000 ಕಟ್ಟಿದರೆ ನಷ್ಟ 4.8 ಲಕ್ಷಕ್ಕೆ ಇಳಿಯುತ್ತದೆ. ಅದನ್ನೂ ತುಂಬಿಸಬಹುದು. ಎರಡು ವರ್ಷದ ಬಳಿಕ 5,000 ಬದಲು 5,800 ಕಟ್ಟಿದರೆ ಸಾಕು. ಪೂರ್ತಿ ನಿಲ್ಲಿಸಿದ್ದರೆ ಆಗ ಸುಮಾರು 6,300 ಬೇಕಾಗುತ್ತಿತ್ತು.

"ಖಾತೆಯಲ್ಲಿ ದುಡ್ಡಿಡದೆ ಸುಮ್ನೆ ಇದ್ದುಬಿಟ್ರೆ ತಾನೇ ನಿಲ್ಲುತ್ತೆ ಅಲ್ವಾ?" ಅಂದರು. ನಿಲ್ಲುತ್ತದೆ, ಆದರೆ ಕಂತು ವಾಪಸಾದಾಗಲೆಲ್ಲ ಬ್ಯಾಂಕ್ ಶುಲ್ಕ ಹಿಡಿಯಬಹುದು. ಸತತ ಮೂರು ತಿಂಗಳು ವಾಪಸಾದರೆ ಎಸ್‌ಐಪಿ ರದ್ದಾಗುತ್ತದೆ. ಅದರ ಬದಲು ನಾವೇ ರದ್ದು ಮಾಡುವ ಅರ್ಜಿ ಹಾಕಿದೆವು. ಅದೇ ಫೋಲಿಯೊದಲ್ಲಿ, ಅಂದರೆ ಫಂಡ್‌ನಲ್ಲಿರುವ ಅವರ ಖಾತೆಯಲ್ಲಿ, 2,000 ರೂಪಾಯಿಯ ಹೊಸ ಎಸ್‌ಐಪಿ ಶುರು ಮಾಡಿದೆವು. ಸಂಬಳ ಬರುವ ದಿನಕ್ಕೆ ಎರಡು ದಿನ ಬಿಟ್ಟು ಕಂತಿನ ದಿನ ಇಟ್ಟೆವು. ಆ ಫೋಲಿಯೊದಲ್ಲಿ ನಾಮಿನಿ ಹೆಸರು ಖಾಲಿ ಇತ್ತು, ಮಗಳ ಹೆಸರು ಸೇರಿಸಿದೆವು.

ಎರಡನೇ ಸಲ ಯಜಮಾನರೂ ಬಂದರು. ಹಾಳೆ ನೋಡಿ, "ಸೈಟ್ ವಿಷಯ ಮಗಳ ಓದು ಮುಗಿದ ಮೇಲೆ ನೋಡೋಣ ಬಿಡಿ ಸರ್" ಅಂದರು. ಎರಡು ವರ್ಷದ ನಂತರ ಕಂತನ್ನು 5,800ಕ್ಕೆ ಏರಿಸುವ ತಿಂಗಳನ್ನು ಸವಿತಾ ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ.