ಧರ್ಮಕ್ಕೆ ‘ಡ್ಯೂಟಿ’ ಎಂದರೆ ಸಾಕೆ?

“ನಮ್ಮ ಬಡಾವಣೆಯ ಮಕ್ಕಳಿಗೆ ಗೀತೆಯ ಶ್ಲೋಕಗಳಿಗೆ ಕನ್ನಡದ ಜೊತೆ ಇಂಗ್ಲಿಷ್ ಅರ್ಥವನ್ನೂ ಬರೆದುಕೊಡುತ್ತಿದ್ದೇನೆ. ಧರ್ಮ ಎಂದು ಬಂದಲ್ಲೆಲ್ಲ ‘ಡ್ಯೂಟಿ’ ಎಂದು ಹಾಕಿದರೆ ತಪ್ಪಾಗುತ್ತದೆಯೇ? ಮುಂದೆ ಉಪನಿಷತ್ತನ್ನೂ ತೆಗೆದುಕೊಳ್ಳಬೇಕೆಂದಿದ್ದೇನೆ.”
– ಓದುಗರೊಬ್ಬರು, ಅರಸೀಕೆರೆ

ಕೆಲವು ಕಡೆ ಸರಿಹೋಗುತ್ತದೆ, ಕೆಲವು ಕಡೆ ಶ್ಲೋಕವನ್ನೇ ಕೆಡಿಸುತ್ತದೆ.

ಮೊದಲು ಸರಿಹೋಗುವ ಜಾಗ. ‘ಶ್ರೇಯಾನ್ ಸ್ವಧರ್ಮೋ ವಿಗುಣಃ ಪರಧರ್ಮಾತ್ ಸ್ವನುಷ್ಠಿತಾತ್’ ಎಂಬ ಸಾಲು ಗೀತೆಯಲ್ಲಿ ಎರಡು ಸಲ ಬರುತ್ತದೆ, 3.35ರಲ್ಲಿ ಮತ್ತು 18.47ರಲ್ಲಿ. ಇದನ್ನು ‘ರಿಲಿಜನ್’ ಎಂದು ಓದಿ, ಮತಾಂತರದ ವಿಷಯವೆಂದು ತಿಳಿಯುವವರು ಈಗಲೂ ಇದ್ದಾರೆ. ಅದು ಹಾಗಲ್ಲ ಎನ್ನಲು ಬೇರೆಲ್ಲೂ ಹುಡುಕಬೇಕಿಲ್ಲ. 18.47ರ ಎರಡನೆಯ ಸಾಲು ‘ಸ್ವಭಾವನಿಯತಂ ಕರ್ಮ’ ಎನ್ನುತ್ತದೆ, ಅಂದರೆ ಸ್ವಭಾವಕ್ಕೆ ತಕ್ಕಂತೆ ಗೊತ್ತಾದ ಕೆಲಸ. ಸ್ವಧರ್ಮ ಎಂದರೇನು ಎಂಬುದನ್ನು ಶ್ಲೋಕವೇ ಹೇಳಿಬಿಟ್ಟಿದೆ. ಇಲ್ಲಿ ‘ಡ್ಯೂಟಿ’ ಹಾಕಿ, ಅಡ್ಡಿಯಿಲ್ಲ.

ಅದೇ ಅಧ್ಯಾಯದ 66ಕ್ಕೆ ಬನ್ನಿ: ‘ಸರ್ವಧರ್ಮಾನ್ ಪರಿತ್ಯಜ್ಯ ಮಾಮೇಕಂ ಶರಣಂ ವ್ರಜ’. ‘ಎಲ್ಲ ಡ್ಯೂಟಿಗಳನ್ನೂ ಬಿಟ್ಟು ನನ್ನಲ್ಲಿಗೆ ಬಾ’ ಎಂದು ಬರೆದಿರೋ, ಚುರುಕಾದ ಮಗು ಖಂಡಿತ ಕೇಳುತ್ತದೆ. ಏಕೆಂದರೆ 18.7ರಲ್ಲಿ ಕೃಷ್ಣನೇ, ನಿಯತವಾದ ಕರ್ಮವನ್ನು ಬಿಡುವುದು ಸಲ್ಲದು ಎಂದಿದ್ದಾನೆ. ಈ ತೊಡಕನ್ನು ಭಾಷ್ಯಕಾರರು ಚೆನ್ನಾಗಿ ಬಲ್ಲರು. ಶಂಕರರು ಇಲ್ಲಿ ಧರ್ಮ ಎಂದರೆ ಅಧರ್ಮವೂ ಸೇರಿತು, ಹೇಳಹೊರಟಿರುವುದು ಸಕಲ ಕರ್ಮಗಳ ಸಂನ್ಯಾಸವನ್ನು ಎನ್ನುತ್ತಾರೆ. ರಾಮಾನುಜರು ಬಿಡಬೇಕಾದದ್ದು ಕರ್ಮವನ್ನಲ್ಲ, ಅದರ ಫಲವನ್ನೂ ‘ನಾನು ಮಾಡಿದೆ’ ಎಂಬುದನ್ನೂ ಎನ್ನುತ್ತಾರೆ. ‘ಡ್ಯೂಟಿ’ ಎಂದೊಡನೆ ಈ ಚರ್ಚೆಗೆ ಜಾಗವೇ ಇಲ್ಲದಾಗುತ್ತದೆ.

‘ರಿಲಿಜನ್’ ಹಾಕಿದವರ ಪಾಡೂ ನೋಡಿ. 1785ರಲ್ಲಿ ಗೀತೆಯನ್ನು ಮೊದಲ ಬಾರಿ ಇಂಗ್ಲಿಷಿಗೆ ತಂದ ಚಾರ್ಲ್ಸ್ ವಿಲ್ಕಿನ್ಸ್ ಈ ಶ್ಲೋಕಕ್ಕೆ ‘ಬೇರೆ ಎಲ್ಲ ರಿಲಿಜನ್ನುಗಳನ್ನು ಬಿಟ್ಟು’ ಎಂಬರ್ಥ ಬರೆದರು. ಆ ‘ಬೇರೆ’ ಮೂಲದಲ್ಲಿ ಇಲ್ಲ. ‘ಸರ್ವ’ ಎಂಬುದನ್ನು ಇದ್ದಂತೆ ಇಟ್ಟರೆ, ಕೃಷ್ಣ ತಾನು ಉಪದೇಶಿಸಿದ ದಾರಿಯನ್ನೂ ಬಿಡು ಎಂದಂತಾಗುತ್ತಿತ್ತು. ಆಯ್ದ ಪದವನ್ನು ಉಳಿಸಿಕೊಳ್ಳಲು ಮೂಲಕ್ಕೇ ಒಂದು ಮಾತು ಸೇರಿತು. ಅನುವಾದ ಹಳಿ ತಪ್ಪಿದೆ ಎನ್ನಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ಉಪನಿಷತ್ತು ಎಂದಿರಿ. ಕಠವನ್ನು ತೆಗೆದುಕೊಂಡರೆ ಇನ್ನೂ ಎಚ್ಚರ ಬೇಕು. 1.1.21ರಲ್ಲಿ ಯಮ ನಚಿಕೇತನಿಗೆ ‘ಅಣುರೇಷ ಧರ್ಮಃ’ ಎನ್ನುತ್ತಾನೆ. ಸತ್ತ ಮೇಲೆ ಉಳಿಯುವುದೇನು ಎಂಬ ವಿಷಯ ಬಹು ಸೂಕ್ಷ್ಮ ಎಂದು ಅದರ ಅರ್ಥ; ಶಂಕರರು ಇಲ್ಲಿ ಧರ್ಮ ಎಂದರೆ ಆತ್ಮವೆಂಬ ತತ್ತ್ವ ಎಂದೇ ಬರೆಯುತ್ತಾರೆ. 1.2.14ರಲ್ಲಿ ನಚಿಕೇತ, ‘ಅನ್ಯತ್ರ ಧರ್ಮಾದನ್ಯತ್ರಾಧರ್ಮಾತ್’, ಧರ್ಮಕ್ಕೂ ಅಧರ್ಮಕ್ಕೂ ಆಚೆಗಿರುವುದನ್ನು ಹೇಳು ಎಂದು ಕೇಳುತ್ತಾನೆ. ಇಲ್ಲಿ ಅದು ಶಾಸ್ತ್ರ ವಿಧಿಸಿದ ಕರ್ಮ ಮತ್ತು ಅದರ ಫಲ. 2.1.14ರಲ್ಲಿ ಬೆಟ್ಟದ ಮೇಲೆ ಬಿದ್ದ ಮಳೆನೀರು ಇಳಿಜಾರಿನಲ್ಲಿ ಹಂಚಿ ಹರಿಯುವ ಚಿತ್ರ ಬರುತ್ತದೆ. ‘ಧರ್ಮಾನ್ ಪೃಥಕ್ ಪಶ್ಯನ್’, ಧರ್ಮಗಳನ್ನು ಬೇರೆ ಬೇರೆಯಾಗಿ ಕಾಣುವವನು ಹಾಗೆ ಅವುಗಳ ಹಿಂದೆಯೇ ಓಡುತ್ತಾನೆ. ಇಲ್ಲಿ ಧರ್ಮಗಳು ಎಂದರೆ ಬಿಡಿಬಿಡಿಯಾಗಿ ತೋರುವ ಇರವುಗಳು. ಮೂರರಲ್ಲಿ ಎರಡು ಕಡೆ ‘ಡ್ಯೂಟಿ’ ಹಾಕಿದರೆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ.

ನಿಮ್ಮ ಜಿಲ್ಲೆಯಲ್ಲೇ ಇರುವ ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ ಈ ಪದಕ್ಕೆ ಮತ್ತೂ ಒಂದು ಅರ್ಥವುಂಟು. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಧರ್ಮ ಒಂದು ದ್ರವ್ಯ. ಮೀನಿಗೆ ನೀರಿದ್ದಂತೆ, ಚಲಿಸುವುದಕ್ಕೆ ಆಸರೆಯಾಗುವಂಥದು. ಅಧರ್ಮ ನಿಲ್ಲುವುದಕ್ಕೆ ಆಸರೆ. ಇಲ್ಲಿ ಅಧರ್ಮದಲ್ಲಿ ಪಾಪದ ಸೋಂಕೂ ಇಲ್ಲ.

ಇಷ್ಟು ಅರ್ಥಗಳು ಹೇಗೆ ಹುಟ್ಟಿದವು? ‘ಧೃ’ ಧಾತುವಿಗೆ ಹಿಡಿದಿಡು, ಆಧರಿಸು ಎಂದರ್ಥ. ಯಾವುದು ಯಾವುದನ್ನು ಹಿಡಿದಿದೆ ಎಂಬುದನ್ನು ಪದ ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ. ಇಂಗ್ಲಿಷಿನ ಒಂದೊಂದು ಪದವೂ ಇವುಗಳಲ್ಲಿ ಒಂದನ್ನು ಮಾತ್ರ ಹಿಡಿಯುತ್ತದೆ.

ಹಾಗಾಗಿ ಇಂಗ್ಲಿಷ್ ಸಾಲಿನಲ್ಲೂ ‘ಧರ್ಮ’ ಎಂಬುದನ್ನು ಹಾಗೆಯೇ ಬಿಡಿ. ಆ ಶ್ಲೋಕದ ಅರ್ಥವನ್ನು ಕೆಳಗೆ ಒಂದು ಸಾಲಿನಲ್ಲಿ ಕೊಡಿ. ಅರ್ಥ ಗೊತ್ತುಮಾಡುವ ಮೊದಲು ಪದ ಏಕವಚನವೋ ಬಹುವಚನವೋ, ಅದರ ಜೋಡಿಯಾಗಿ ಅಧರ್ಮವಿದೆಯೋ ಪರಧರ್ಮವಿದೆಯೋ ನೋಡಿ, ಹಿಂದಿನ ಮುಂದಿನ ಶ್ಲೋಕ ಓದಿ. 18.66ರ ಕೆಳಗೆ ಮಾತ್ರ ಎರಡು ಸಾಲಿಗೆ ಜಾಗ ಬಿಡಿ, ಶಂಕರರ ಅರ್ಥಕ್ಕೊಂದು, ರಾಮಾನುಜರ ಅರ್ಥಕ್ಕೊಂದು.

– ಸಂಪಾದಕ